ಅಣ್ಣನಿಗೆ ರಕ್ತ ಕೊಡುವ ಮುನ್ನ

ತೆಲಿಗಿಯ ಒಂದು ಮನೆ ಎಂದುಕೊಳ್ಳಿ. ಅಣ್ಣನಿಗೆ ರಕ್ತದ ಕ್ಯಾನ್ಸರ್ ಎಂದು ದಾವಣಗೆರೆಯಲ್ಲಿ ಗೊತ್ತಾಗಿ, ಬೆಂಗಳೂರಿನ ಕಿದ್ವಾಯಿಗೆ ಚೀಟಿ ಬರೆದುಕೊಟ್ಟಿದ್ದಾರೆ. ತಂಗಿ, ತಮ್ಮ ಇಬ್ಬರೂ ಗಟ್ಟಿಮುಟ್ಟು. ಸುಮ್ಮನೆ ಕೂರಲಾಗದ ತಮ್ಮ ಹೇಳುವ ಮೊದಲ ಮಾತೇ, "ನನ್ ರಕ್ತ ತಗೊಳ್ರಿ ಸರ್." ಅಲ್ಲಿ ತುಸು ತಡೆಯಬೇಕು.

ಮೊದಲು ವೈದ್ಯರನ್ನು ಕೇಳಿ: ಮುಂದೆ ಅಸ್ಥಿಮಜ್ಜೆ ಕಸಿ ಬೇಕಾಗಬಹುದೇ? ಬೇಕಾಗಬಹುದು ಎಂದಾದರೆ ಒಡಹುಟ್ಟಿದವರ ರಕ್ತ, ಪ್ಲೇಟ್‌ಲೆಟ್‌ಗಳನ್ನು ಈಗ ಅಣ್ಣನಿಗೆ ಏರಿಸುವುದು ಒಳ್ಳೆಯದಲ್ಲ. ಅವನ ದೇಹ ತಮ್ಮನ ಜೀವಕೋಶಗಳ ವಿರುದ್ಧ ಪ್ರತಿಕಾಯ ಕಟ್ಟಿಕೊಂಡರೆ, ನಾಳೆ ತಮ್ಮನದೇ ಮಜ್ಜೆ ಕೊಟ್ಟಾಗ ಅದು ತಿರಸ್ಕಾರವಾಗುವ ಅಪಾಯ ಹೆಚ್ಚು. ತಮ್ಮ ರಕ್ತನಿಧಿಯಲ್ಲಿ ಬೇರೆಯವರಿಗೆಂದು ಕೊಡಲಿ, ಅಣ್ಣನಿಗೆ ಗೆಳೆಯರನ್ನು ಕೂಡಿಸಲಿ. ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಉಳಿಯುವುದಿಲ್ಲ. ಹಾಗಾಗಿ ಎಲ್ಲರನ್ನೂ ಒಂದೇ ದಿನ ಕರೆದೊಯ್ಯದೆ ಸರದಿ ಹಚ್ಚಬೇಕು. ಮೂರು ದಿನದೊಳಗೆ ಆಸ್ಪಿರಿನ್ ನುಂಗಿದವರನ್ನು ವಾಪಸ್ ಕಳಿಸುತ್ತಾರೆ. ಊರು ಬಿಡುವ ಮೊದಲೇ ಫೋನಿನಲ್ಲಿ ವಿಚಾರಿಸಿ.

ಆಮೇಲೆ ಎಚ್‌ಎಲ್‌ಎ ಪರೀಕ್ಷೆ. ಸ್ವಲ್ಪ ರಕ್ತ ಅಥವಾ ಕೆನ್ನೆಯ ಒಳಭಾಗದ ಸ್ವ್ಯಾಬ್ ಸಾಕು. ಒಂದೇ ತಂದೆತಾಯಿಯ ಮಕ್ಕಳಲ್ಲಿ ಪೂರ್ತಿ ಹೊಂದುವ ಸಾಧ್ಯತೆ ಒಬ್ಬೊಬ್ಬರಿಗೆ ನಾಲ್ಕರಲ್ಲಿ ಒಂದು. ತಂಗಿ, ತಮ್ಮ ಇಬ್ಬರಲ್ಲಿ ಒಬ್ಬರಾದರೂ ಹೊಂದುವ ಸಾಧ್ಯತೆ ನೂರಕ್ಕೆ ಸುಮಾರು 44 ಪಾಲು. ಅಂದರೆ ಇಬ್ಬರೂ ಹೊಂದದಿರುವುದೇ ಹೆಚ್ಚು. ರಕ್ತದ ಗುಂಪು ಒಂದೇ ಇದೆ ಎಂದು ನೆಚ್ಚಿಕೊಳ್ಳಬೇಡಿ, ಇದು ಬೇರೆಯೇ ಲೆಕ್ಕ. ಇಬ್ಬರೂ ಪೂರ್ತಿ ಹೊಂದದಿದ್ದರೆ ಅರ್ಧ ಹೊಂದುವ ಒಡಹುಟ್ಟಿದವರು ಅಥವಾ ಅಪ್ಪ-ಅವ್ವ, ಇಲ್ಲವೇ ದಾನಿಗಳ ನೋಂದಣಿ, ಹೀಗೆ ದಾರಿ ಮುಂದುವರಿಯುತ್ತದೆ.

ತಂಗಿ ಹೊಂದಿದಳು ಎನ್ನಿ. ಬೆನ್ನುಮೂಳೆ ಕೊರೆಯುತ್ತಾರೆಂದು ಅವ್ವ ಹೆದರುವುದು ಸಹಜ. ಈಗ ಬಹುಪಾಲು ನಾಲ್ಕೈದು ದಿನ ಚುಚ್ಚುಮದ್ದು ಕೊಟ್ಟು, ತೋಳಿನ ರಕ್ತವನ್ನು ಯಂತ್ರದಲ್ಲಿ ಹಾಯಿಸಿ ಕಾಂಡಕೋಶ ತೆಗೆಯುತ್ತಾರೆ. ಆ ದಿನಗಳಲ್ಲಿ ಮೈಕೈ ಮೂಳೆ ನೋಯುತ್ತವೆ, ಆಮೇಲೆ ಇಳಿಯುತ್ತದೆ. ಒಪ್ಪಿಗೆ ಮಾತ್ರ ಅವಳದೇ ಆಗಿರಬೇಕು. ವೈದ್ಯರೊಂದಿಗೆ ಅವಳೊಬ್ಬಳೇ ಮಾತಾಡಲು ಬಿಡಿ.

ಹೊಂದದ ತಮ್ಮನಿಗೆ ಬೇರೆ ಕೆಲಸವಿದೆ, ಅದೂ ಜೀವ ಉಳಿಸುವಂಥದೇ. ಕೀಮೋ ಆಗಿ ಒಂದೆರಡು ವಾರದಲ್ಲಿ ಬಿಳಿರಕ್ತಕಣ ತೀರಾ ಇಳಿದಿರುತ್ತವೆ. ಮನೆಗೆ ಬಂದ ಅಣ್ಣನ ಮೈ 100.4 ಫ್ಯಾರನ್‌ಹೀಟ್ ಮುಟ್ಟಿದರೆ, ರಾತ್ರಿಯೇ ಇರಲಿ, ಆಸ್ಪತ್ರೆಗೆ ಹೊರಡಬೇಕು. ಬೆಳಗಿನ ಬಸ್ಸಿಗೆ ಕಾಯಬಾರದು. ವೈದ್ಯರನ್ನು ಕೇಳದೆ ಪ್ಯಾರಾಸಿಟಮಾಲ್ ನುಂಗಿಸಿದರೆ ಜ್ವರ ಮುಚ್ಚಿಹೋಗುತ್ತದೆ, ಸೋಂಕು ಒಳಗೇ ಬೆಳೆಯುತ್ತದೆ. ಥರ್ಮಾಮೀಟರ್, ಡಿಸ್ಚಾರ್ಜ್ ಕಾಗದ, ದಾವಣಗೆರೆಗೆ ಬರುವ ಗಾಡಿಯವನ ನಂಬರು ಒಂದೇ ಚೀಲದಲ್ಲಿರಲಿ. ಎಮರ್ಜೆನ್ಸಿಯಲ್ಲಿ ಮೊದಲು "ಜ್ವರ ಐತ್ರಿ" ಅನ್ನಬೇಡಿ, "ಕೀಮೋ ಆಗೈತ್ರಿ" ಅನ್ನಿ.