ಬಟನ್ ಅಣಬೆ: ಕಾಂಪೋಸ್ಟಿನ ಎರಡು ಹಂತ ಮತ್ತು ಹೊದಿಕೆ ಮಣ್ಣು

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಅಫಜಲಪುರ ತಾಲ್ಲೂಕಿನಲ್ಲಿ ಬಟನ್ ಅಣಬೆಗೆ ತಂಪು ಕೋಣೆ ಅನಿವಾರ್ಯ. ಆದರೆ ಕೋಣೆ ಇದ್ದ ಮಾತ್ರಕ್ಕೆ ಬೆಳೆ ಬಾರದು.

ಮೊದಲ ಹಂತದಲ್ಲಿ ಗೋಧಿ ಹೊಟ್ಟು, ಕೋಳಿ ಗೊಬ್ಬರ, ಜಿಪ್ಸಂ ಬೆರೆಸಿ ನೆನೆಸಿದ ರಾಶಿಯನ್ನು ಹಲವು ಬಾರಿ ತಿರುವಿ ಹಾಕಲಾಗುತ್ತದೆ. ಎರಡನೆಯ ಹಂತದಲ್ಲಿ ಅದನ್ನು ಮುಚ್ಚಿದ ಕೋಣೆಯಲ್ಲಿ ಸುಮಾರು 58 ಡಿಗ್ರಿಯಲ್ಲಿ 6ರಿಂದ 8 ಗಂಟೆ ಇಟ್ಟು, ಬಳಿಕ 45ರಿಂದ 50 ಡಿಗ್ರಿಯಲ್ಲಿ ಹದಗೊಳಿಸಬೇಕು. ಅಮೋನಿಯದ ವಾಸನೆ ಮೂಗಿಗೆ ತಾಕುತ್ತಿರುವವರೆಗೆ ಬೀಜ ಬಿತ್ತಬಾರದು; ಅದು ಅಣಬೆಯ ಎಳೆಗಳನ್ನು ಕೊಲ್ಲುತ್ತದೆ.

100 ಕೆ.ಜಿ. ಕಾಂಪೋಸ್ಟಿಗೆ 500ರಿಂದ 700 ಗ್ರಾಂ ಬೀಜ ಸಾಕು. ಸುಮಾರು 24 ಡಿಗ್ರಿಯಲ್ಲಿ ಎರಡು ವಾರಗಳೊಳಗೆ ಬಿಳಿ ಎಳೆಗಳು ಎಲ್ಲೆಡೆ ಹರಡುತ್ತವೆ. ಹಾಗೆಯೇ ಬಿಟ್ಟರೆ ಅಣಬೆ ಮೂಡುವುದು ಅಪರೂಪ. ಅದರ ಮೇಲೆ ತೆಂಗಿನ ನಾರಿನ ಪುಡಿ ಹಾಗೂ ಹಳೆಯ ಕೊಟ್ಟಿಗೆ ಗೊಬ್ಬರದ ಮಿಶ್ರಣವನ್ನು 4 ಸೆಂ.ಮೀ. ದಪ್ಪ ಹೊದಿಸಬೇಕು. ಈ ಹೊದಿಕೆ ಆಹಾರವಲ್ಲ. ಇದು ನೀರನ್ನು ಹಿಡಿದಿಡುತ್ತದೆ. ಎಳೆಗಳು ಹೊರಸೂಸುವ, ಮೊಗ್ಗನ್ನು ತಡೆಯುವ ಅನಿಲಗಳನ್ನು ಇದರಲ್ಲಿರುವ ಬ್ಯಾಕ್ಟೀರಿಯಾಗಳು ತಿಂದು ಮುಗಿಸುತ್ತವೆ. ಆದ್ದರಿಂದ ಹೊದಿಕೆಯನ್ನು 60ರಿಂದ 65 ಡಿಗ್ರಿಯ ಹಬೆಯಲ್ಲಿ ಶುದ್ಧಗೊಳಿಸಬೇಕೇ ಹೊರತು ಕುದಿಸಿ ನಿರ್ಜೀವಗೊಳಿಸಬಾರದು.

ಸುಮಾರು ಒಂದು ವಾರದ ಬಳಿಕ ಕೋಣೆಯನ್ನು 16 ಡಿಗ್ರಿಗೆ ಇಳಿಸಿ ತಾಜಾ ಗಾಳಿ ಬಿಡಬೇಕು. ಮಣ್ಣಿನ ಮೇಲೆ ಹತ್ತಿಯಂತಹ ಬಿಳಿ ಪದರ ಹರಡಿ ಮೊಗ್ಗು ಕಾಣದಿದ್ದರೆ, ಸದಸ್ಯರು ಮೊದಲು ಗಾಳಿಯ ಕಿಂಡಿಯನ್ನು ಪರಿಶೀಲಿಸುವುದು.