ಪ್ಯಾಕೆಟ್ಟಿಗೆ ಸೀಲ್ ಹಾಕುವ ಮೊದಲು

ಕಂಪ್ಲಿಯಿಂದ ತಂಗಿಯ ಮಗಳು ಫೋನ್ ಮಾಡಿದ್ದಳು. "ದೊಡ್ಡಮ್ಮ, ಕೊಡುಬಳೆ ಆನ್‌ಲೈನಲ್ಲಿ ಇಡ್ತೀನಿ. ಲೇಬಲ್ ಡಿಸೈನ್ ಆಗೇತಿ, ನೋಡ್ರಿ" ಅಂತ ಫೋಟೊ ಕಳಿಸಿದಳು. ಹಂಪಿಯ ಕಲ್ಲಿನ ರಥ ಅಂಗೈ ಅಗಲ ಇತ್ತು. ತೂಕ ಎಲ್ಲಿದೆ ಅಂತ ಕನ್ನಡಕ ಹಾಕ್ಕೊಂಡು ಹುಡುಕಿದೆ. ಹೊಸಪೇಟೆಯಲ್ಲಿ ಇಷ್ಟು ವರ್ಷ ಕುರುಕಲು ಮಾಡಿ ಮಾರಿದವಳು ನಾನು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

• ಮೊದಲು ಎಫ್‌ಎಸ್‌ಎಸ್‌ಎಐ ನೋಂದಣಿ. foscos.fssai.gov.in ನಲ್ಲಿ ನೀನೇ ಅರ್ಜಿ ಹಾಕಬಹುದು. ಸಣ್ಣ ವಹಿವಾಟಿಗೆ ನೋಂದಣಿ ಸಾಕು, ದೊಡ್ಡದಕ್ಕೆ ಲೈಸೆನ್ಸ್ ಬೇಕು. ಆ ಮಿತಿ ಬದಲಾಗುತ್ತಿರುತ್ತೆ, ಅರ್ಜಿ ಹಾಕುವ ದಿನವೇ ನೋಡಿಕೊ. ಸಿಗುವ 14 ಅಂಕಿಯ ನಂಬರು ನಿನ್ನ ಹೆಸರಿಗೆ ಎಷ್ಟೋ, ನಿನ್ನ ಅಡುಗೆಮನೆಯ ವಿಳಾಸಕ್ಕೂ ಅಷ್ಟೇ ಅಂಟಿಕೊಂಡಿರುತ್ತೆ. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಹೊಸಪೇಟೆ, ಹಂಪಿ ಅದಕ್ಕೆ ಸೇರಿದವು. ಕಂಪ್ಲಿ, ಸಂಡೂರು ಬಳ್ಳಾರಿಯಲ್ಲೇ ಉಳಿದವು. ನೀನು ಕರಿಯುವುದು ಕಂಪ್ಲಿಯಲ್ಲಿ, ಹಾಗಾಗಿ ಅರ್ಜಿಯಲ್ಲಿ ಬಳ್ಳಾರಿ ಜಿಲ್ಲೆಯನ್ನೇ ಆರಿಸು. ಹೊಸಪೇಟೆಯ ನನ್ನ ನಂಬರು ನಿನ್ನ ಪ್ಯಾಕೆಟ್ ಮೇಲೆ ಬರಬಾರದು, ಎಷ್ಟೇ ಸ್ವಂತದವಳಾದರೂ.

• ವ್ಯಾಪಾರದ ಬಗೆ ಕೇಳುವಾಗ "ತಯಾರಕ" ಅಂತಲೇ ತುಂಬು. ನನಗೆ ಒಬ್ಬ ಏಜೆಂಟ್ "ಚಿಲ್ಲರೆ ಮಾರಾಟ" ಅಂತ ತುಂಬಿಕೊಟ್ಟಿದ್ದ. ಕಾಗದ ನೋಡದೆ ಫ್ರೇಮ್ ಹಾಕಿಸಿದೆ. ಆನ್‌ಲೈನ್ ಕಂಪನಿಯವರು ವಾಪಸ್ ಕಳಿಸಿದಾಗಲೇ ಗೊತ್ತಾಗಿದ್ದು.

• ಪದಾರ್ಥಗಳ ಪಟ್ಟಿಯಲ್ಲೇ ಹೆಚ್ಚು ಜನ ಎಡವುವುದು. ತೂಕದಲ್ಲಿ ಹೆಚ್ಚಿರುವುದು ಮೊದಲು, ಕಡಿಮೆ ಇರುವುದು ಕೊನೆಗೆ. ನಿನ್ನ ಒಂದು ಸಲದ ಹದ ತಗೋ: ಅಕ್ಕಿಹಿಟ್ಟು 1 ಕೆಜಿ, ಮೈದಾ 250 ಗ್ರಾಂ, ಪುಟಾಣಿ ಹಿಟ್ಟು 200, ಒಣಕೊಬ್ಬರಿ 100, ಆಮೇಲೆ ಖಾರ, ಉಪ್ಪು, ಇಂಗು. ಎಣ್ಣೆ ಎಲ್ಲಿ ಹೋಯಿತು? ಬಾಣಲೆಗೆ ಹಾಕುವ ಮೊದಲು ತೂಗು, ಕರಿದು ತಣ್ಣಗಾದ ಮೇಲೆ ಉಳಿದದ್ದನ್ನು ತೂಗು. 300 ಗ್ರಾಂ ಖರ್ಚಾಗಿದ್ದರೆ ಎಣ್ಣೆ ಮೈದಾಕ್ಕಿಂತ ಮೇಲೆ, ಎರಡನೇ ಜಾಗಕ್ಕೆ ಬರುತ್ತೆ. ಬರೀ "ಎಣ್ಣೆ" ಅಂದರೆ ಸಾಲದು. ಸೂರ್ಯಕಾಂತಿಯೋ ಶೇಂಗಾದ್ದೋ ಹೇಳಬೇಕು.

• ಅಲರ್ಜಿಯ ಸಾಲು ಬೇರೆಯಾಗಿ ಇರಬೇಕು. ಮೈದಾ ಇದೆ, ಅಂದರೆ ಗೋಧಿಯ ಗ್ಲುಟೆನ್ ಇದೆ. ಬೆಣ್ಣೆ ಹಾಕಿದರೆ ಹಾಲು. ಇನ್ನು ಇಂಗು: ಅಂಗಡಿಯ ಡಬ್ಬಿ ತಿರುಗಿಸಿ ಓದು, ಹೆಚ್ಚಿನವುಗಳಲ್ಲಿ ಗೋಧಿ ಹಿಟ್ಟೋ ಮೈದಾವೋ ಬೆರೆತಿರುತ್ತೆ. ಬರೀ ಅಕ್ಕಿಯ ಚಕ್ಕುಲಿಗೆ "ಗ್ಲುಟೆನ್ ಇಲ್ಲ" ಅಂತ ಬರೆದು ಸಿಕ್ಕಿಬೀಳುವುದು ಈ ಚಿಟಿಕೆ ಇಂಗಿನಿಂದ.

• ಲೇಬಲ್ ಕನ್ನಡದಲ್ಲಿ ಮಾತ್ರ ಇದ್ದರೆ ನಡೆಯಲ್ಲ. ಇಂಗ್ಲಿಷ್ ಅಥವಾ ದೇವನಾಗರಿ ಹಿಂದಿಯಲ್ಲಿ ಇರಲೇಬೇಕು, ಅದರ ಜೊತೆಗೆ ಕನ್ನಡ. ನನಗೂ ಇದು ಸರಿ ಕಾಣಲ್ಲ, ಆದರೆ ನಿಯಮ ಹಾಗಿದೆ. ಸಸ್ಯಾಹಾರದ ಹಸಿರು ಚುಕ್ಕೆ, ಪೌಷ್ಟಿಕಾಂಶದ ಪಟ್ಟಿ, ಬ್ಯಾಚ್ ನಂಬರು, ಪೂರ್ತಿ ವಿಳಾಸ, ದೂರು ಹೇಳಲು ಫೋನ್ ಮತ್ತು ಇಮೇಲ್ ಬಿಡಬೇಡ.

• ತೂಕ, ಬೆಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಲೆಕ್ಕ. ಪ್ಯಾಕ್ ಮಾಡುವವರು ಅಲ್ಲೂ ನೋಂದಣಿ ಮಾಡಿಸಬೇಕು. ಖಾಲಿ ಕವರಿನ ತೂಕ ಕಳೆದು ಉಳಿದದ್ದೇ ನಿವ್ವಳ ತೂಕ. 250 ಗ್ರಾಮಿಗೆ 130 ರೂಪಾಯಿ ಎಂಆರ್‌ಪಿ ಇಟ್ಟರೆ, ಗ್ರಾಮಿಗೆ 0.52 ರೂಪಾಯಿ ಅಂತಲೂ ಅಚ್ಚಾಗಬೇಕು. ಎಂಆರ್‌ಪಿ ಅಂದರೆ ತೆರಿಗೆ ಎಲ್ಲಾ ಸೇರಿ. ತೂಕ, ಬೆಲೆ, ತಯಾರಕರ ವಿಳಾಸ ಆನ್‌ಲೈನ್ ಪುಟದಲ್ಲೂ ಕಾಣಬೇಕು.

• ಕೊನೆಯ ದಿನಾಂಕವನ್ನು ಊಹೆಯಲ್ಲಿ ಹಾಕಬೇಡ. ಹತ್ತು ಪ್ಯಾಕೆಟ್ ಎತ್ತಿಟ್ಟು ವಾರಕ್ಕೊಂದು ಒಡೆ. ಕಮಟು ವಾಸನೆ ಹತ್ತನೇ ವಾರಕ್ಕೆ ಬಂದರೆ 60 ದಿನ ಬರೆಯಬಹುದು. ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ ಮತ್ತೆ ಒಡೆದು ನೋಡು. ಗಿರಾಕಿಗೆ ತಲುಪುವಾಗ ಆಯುಷ್ಯದ ಶೇ. 30 ಅಥವಾ 45 ದಿನ ಉಳಿದಿರಬೇಕು ಅಂತ ಎಫ್‌ಎಸ್‌ಎಸ್‌ಎಐ 2024ರ ನವೆಂಬರಿನಲ್ಲಿ ಇ-ಕಾಮರ್ಸ್ ಕಂಪನಿಗಳಿಗೆ ಹೇಳಿದೆ. 60 ದಿನದ ಕೊಡುಬಳೆಗೆ ಶೇ. 30 ಅಂದರೆ 18 ದಿನ. ಕಂಪನಿ 45 ದಿನವೇ ಬೇಕು ಅಂದರೆ, ಕರಿದ 15 ದಿನದೊಳಗೆ ಗಿರಾಕಿ ಮನೆ ಮುಟ್ಟಬೇಕು. ಗೋದಾಮಿಗೆ ಒಟ್ಟಿಗೆ ನೂರು ಪ್ಯಾಕೆಟ್ ಕಳಿಸುವ ಮೊದಲು ಇದನ್ನು ಕೇಳಿಕೊ.

• "ಸಕ್ಕರೆ ಕಾಯಿಲೆಗೆ ಒಳ್ಳೇದು" ಅನ್ನುವಂಥ ಮಾತು ಬೇಡವೇ ಬೇಡ.

• ಜಿಎಸ್‌ಟಿ: 2023ರ ಅಕ್ಟೋಬರ್ 1ರಿಂದ ಸಣ್ಣ ಮಾರಾಟಗಾರರು ಜಿಎಸ್‌ಟಿ ನೋಂದಣಿ ಇಲ್ಲದೆ, ಪ್ಯಾನ್ ಮೇಲೆ ಎನ್‌ರೋಲ್ಮೆಂಟ್ ನಂಬರು ಪಡೆದು ಇ-ಕಾಮರ್ಸ್ ಮೂಲಕ ಮಾರಬಹುದು. ಆದರೆ ರಾಜ್ಯದ ಒಳಗೆ ಮಾತ್ರ. ಬೆಂಗಳೂರಿಗೆ ಕಳಿಸು, ತೊಂದರೆ ಇಲ್ಲ. ಆಂಧ್ರದ ರಾಯದುರ್ಗ ನಮಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ, ಆದರೂ ಅಲ್ಲಿಯ ಒಂದು ಆರ್ಡರ್‌ಗೆ ಜಿಎಸ್‌ಟಿ ನೋಂದಣಿ ಬೇಕು. ಅದು ಆಗುವವರೆಗೆ ಡೆಲಿವರಿ ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕ ಒಂದಕ್ಕೇ ಟಿಕ್ ಹಾಕಿಡು.