ಬಾಗಿಲು ಹಾಕಿದ್ದು ಯಾರು?

ಲಿಫ್ಟ್ ಎರಡು ಮಹಡಿಗಳ ನಡುವೆ ನಿಲ್ಲುತ್ತದೆ. ಒಳಗೆ ದೀಪ ಉರಿಯುತ್ತಲೇ ಇದೆ, ಆದರೆ ಯಾವ ಗುಂಡಿ ಒತ್ತಿದರೂ ಅದು ಅಲ್ಲಾಡುವುದಿಲ್ಲ. ಅಥವಾ ಹೊರಗಿನಿಂದ ಚಿಲಕ ಹಾಕಿದ ಒಂದು ಕೋಣೆ. ಕದ ಬಡಿದರೂ ಯಾರೂ ಓಗೊಡುವುದಿಲ್ಲ. ಇಂಥ ಕನಸನ್ನು ಯಾರ ಮುಂದೆ ಹೇಳಿದರೂ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: ನೀವು ಬದುಕಿನಲ್ಲಿ ಎಲ್ಲೋ ಸಿಕ್ಕಿಹಾಕಿಕೊಂಡಿದ್ದೀರಿ. ಈ ಉತ್ತರವನ್ನು ನಾನು ಸುಳ್ಳೆನ್ನುವುದಿಲ್ಲ. ನಮ್ಮ ಭಾಷೆಯೇ ಅದರ ಪರವಾಗಿದೆ. ಇಕ್ಕಟ್ಟು ಎಂದರೆ ಜಾಗ ಸಾಲದಿರುವುದೂ ಹೌದು, ಕಷ್ಟಕ್ಕೆ ಸಿಲುಕುವುದೂ ಹೌದು. ಮನೆಯಲ್ಲಿ ಉಸಿರು ಕಟ್ಟಿದಂತಾಗಿದೆ ಎನ್ನುವವರು ಕಿಟಕಿಯ ಮಾತನ್ನೇನೂ ಆಡುತ್ತಿರುವುದಿಲ್ಲ. ಎಚ್ಚರದಲ್ಲೇ ಹೀಗೆ ಮಾತನಾಡುವ ಮನಸ್ಸು ನಿದ್ದೆಯಲ್ಲಿ ಆ ಮಾತನ್ನು ಚಿತ್ರವಾಗಿ ಬಿಡಿಸುವುದರಲ್ಲಿ ಅಚ್ಚರಿಯಿಲ್ಲ. ಆದರೆ ಕನಸುಗಳ ಬಗ್ಗೆ ಓದುತ್ತಾ, ಯೋಚಿಸುತ್ತಾ ನಾನು ಕಲಿತ ಪಾಠ ಬೇರೆ. ಮುಚ್ಚಿದ ಬಾಗಿಲನ್ನು ಕಂಡಷ್ಟಕ್ಕೆ ಕನಸಿಗೆ ಆ ಅರ್ಥ ಬರುವುದಿಲ್ಲ. ಕನಸಿನೊಳಗಿನ ವ್ಯಕ್ತಿ ಹೊರಗೆ ಹೋಗಲು ಎಷ್ಟು ಹಾತೊರೆದ, ಹೇಗೆ ಪ್ರಯತ್ನಿಸಿದ, ತಡೆದದ್ದು ಯಾವುದು ಎಂಬುದರಿಂದ ಆ ಅರ್ಥ ಬರುತ್ತದೆ.

ಹೀಗೆನ್ನಲು ಒಂದು ಆಧಾರವಿದೆ. ಖಿನ್ನತೆಯನ್ನು ಅಧ್ಯಯನ ಮಾಡಿದ ಬ್ರಿಟನ್ನಿನ ಮನೋವಿಜ್ಞಾನಿಗಳಾದ ಪಾಲ್ ಗಿಲ್ಬರ್ಟ್ ಮತ್ತು ಸ್ಟೀವನ್ ಆಲನ್, ಸಿಕ್ಕಿಹಾಕಿಕೊಂಡ ಭಾವವನ್ನು ಅಳೆಯುವ ಒಂದು ಪ್ರಶ್ನಾವಳಿಯನ್ನು 1998ರಲ್ಲಿ ಪ್ರಕಟಿಸಿದರು. ಅವರ ಪ್ರಕಾರ ಈ ಭಾವಕ್ಕೆ ಎರಡು ತುಂಡುಗಳಿವೆ: ಓಡಿಹೋಗಬೇಕೆಂಬ ಬಲವಾದ ಆಸೆ, ಓಡಲು ದಾರಿಯಿಲ್ಲವೆಂಬ ಅನಿಸಿಕೆ. ಎರಡೂ ಕೂಡಿದರೆ ಮಾತ್ರ ಅದು ಬಂಧನ. ಆಸೆಯೇ ಇಲ್ಲದವನಿಗೆ ಬೀಗ ಹಾಕಿದ ಬಾಗಿಲೂ ಗೋಡೆಯ ಹಾಗೆಯೇ. ಅವರು ಇನ್ನೊಂದು ಭೇದವನ್ನೂ ಗುರುತಿಸಿದರು. ಕೆಲವರನ್ನು ಹೊರಗಿನ ಸಂಗತಿಗಳು ಕಟ್ಟಿಹಾಕುತ್ತವೆ, ಉದಾಹರಣೆಗೆ ಸಂಬಂಧ, ಸಾಲ, ನೌಕರಿ. ಇನ್ನು ಕೆಲವರು ತಮ್ಮದೇ ಯೋಚನೆ, ನೋವುಗಳಿಂದ ತಪ್ಪಿಸಿಕೊಳ್ಳಲಾಗದೆ ಒದ್ದಾಡುತ್ತಾರೆ. ಇದು ಎಚ್ಚರದ ಭಾವದ ಬಗ್ಗೆ ನಡೆದ ಕೆಲಸ, ಕನಸಿನ ಬಗ್ಗೆ ಅಲ್ಲ. ಆದರೂ ಕನಸನ್ನು ಓದಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಸಿಕ್ಕಿಲ್ಲ.

ಮೊದಲ ಆಕ್ಷೇಪ ದೇಹದ ಕಡೆಯಿಂದ ಬರುತ್ತದೆ, ಅದು ಗಟ್ಟಿಯಾದದ್ದು. ನಿಚ್ಚಳ ಕನಸುಗಳು ಹೆಚ್ಚಾಗಿ ಬೀಳುವುದು ಕಣ್ಣುಗುಡ್ಡೆ ಚುರುಕಾಗಿ ಚಲಿಸುವ ನಿದ್ದೆಯಲ್ಲಿ. ಆ ಹೊತ್ತಿಗೆ ಮಿದುಳಕಾಂಡ ಕೈಕಾಲುಗಳ ಸ್ನಾಯುಗಳಿಗೆ ಹೋಗುವ ಆಜ್ಞೆಯನ್ನು ತಡೆಹಿಡಿಯುತ್ತದೆ. ಕಣ್ಣು ಮತ್ತು ಉಸಿರಾಟದ ವಪೆ ಕೆಲಸ ಮಾಡುತ್ತವೆ, ಉಳಿದ ಮೈ ಬಹುಪಾಲು ಸಡಿಲವಾಗಿ ಬಿದ್ದಿರುತ್ತದೆ. ಹಾಗಾದರೆ ಅಲ್ಲಾಡಲಾಗದ ಮೈಯನ್ನೇ ಮಿದುಳು ನಿಂತ ಲಿಫ್ಟೆಂದು ಕಥೆ ಕಟ್ಟಿರಬಾರದೇಕೆ? ಹಾರ್ವರ್ಡ್‌ನ ಆಲನ್ ಹಾಬ್ಸನ್ ಮತ್ತು ರಾಬರ್ಟ್ ಮೆಕಾರ್ಲಿ 1977ರಲ್ಲಿ ಮಂಡಿಸಿದ ವಾದ ಇದೇ ಜಾಡಿನದು. ಮಿದುಳಕಾಂಡದಿಂದ ಏಳುವ ಸಂಕೇತಗಳಿಗೆ ಮೇಲಿನ ಮಿದುಳು ಹೇಗೋ ಒಂದು ಅರ್ಥ ಹೊಂದಿಸುತ್ತದೆ, ಅದೇ ಕನಸು ಎಂದರು ಅವರು. ಇದನ್ನು ಅರ್ಧ ಒಪ್ಪುತ್ತೇನೆ. ಆದರೆ ಈ ಸ್ನಾಯುಬಂಧ ಎಲ್ಲ ಆರೋಗ್ಯವಂತರಿಗೂ, ಪ್ರತಿ ರಾತ್ರಿ ನಾಲ್ಕೈದು ಬಾರಿ ಆಗುವಂಥದ್ದು. ಅದೊಂದೇ ಕಾರಣವಾಗಿದ್ದರೆ ನಾವೆಲ್ಲ ದಿನವೂ ಬೀಗದ ಕೋಣೆಯಲ್ಲೇ ಇರಬೇಕಿತ್ತು. ಅದೇ ಸಡಿಲ ಮೈಯಲ್ಲಿ ಒಬ್ಬರು ಹಾರುತ್ತಾರೆ, ಇನ್ನೊಬ್ಬರು ಊರ ಜಾತ್ರೆಯಲ್ಲಿ ಓಡಾಡುತ್ತಾರೆ. ಹೀಗಿರುವಾಗ ಒಬ್ಬರಿಗೆ ತಿಂಗಳುಗಟ್ಟಲೆ ಅದೇ ಲಿಫ್ಟ್ ಏಕೆ ಎಂಬುದಕ್ಕೆ ದೇಹ ಉತ್ತರ ಕೊಡುವುದಿಲ್ಲ.

ಪ್ರತಿ ಕನಸಿಗೂ ಅರ್ಥ ಇರಲೇಬೇಕೇ, ಹಗಲು ಕಂಡದ್ದೇ ರಾತ್ರಿ ಮರಳಿರಬಾರದೇಕೆ ಎಂಬುದು ಎರಡನೆಯ ಆಕ್ಷೇಪ. ಇದಕ್ಕೆ ಉತ್ತರ ನಮ್ಮಲ್ಲೇ ಹಳೆಯದು. ಚರಕಸಂಹಿತೆಯ ಇಂದ್ರಿಯಸ್ಥಾನ ಕನಸುಗಳನ್ನು ಏಳು ಬಗೆಯಾಗಿ ವಿಂಗಡಿಸುತ್ತದೆ: ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿದ್ದು, ಮುಂದಾಗುವುದನ್ನು ಸೂಚಿಸುವುದು, ದೋಷದಿಂದ ಹುಟ್ಟಿದ್ದು. ಮೊದಲ ಐದಕ್ಕೆ ಫಲವಿಲ್ಲ ಎಂದು ವೈದ್ಯ ತಿಳಿಯಬೇಕು ಎನ್ನುತ್ತದೆ ಗ್ರಂಥ. ಭವಿಷ್ಯಸೂಚಕ ಕನಸನ್ನು ನಾನು ನಂಬುವುದಿಲ್ಲ. ಆದರೆ ಅರ್ಥ ಹುಡುಕುವ ಮೊದಲು ಮೂಲ ಹುಡುಕು ಎಂಬ ಆ ಕ್ರಮ ಸರಿಯಾದದ್ದು. ನಿನ್ನೆ ಕರೆಂಟ್ ಹೋಗಿ ಹತ್ತು ನಿಮಿಷ ಲಿಫ್ಟಿನಲ್ಲಿ ನಿಂತವರಿಗೆ ರಾತ್ರಿ ಅದೇ ಕಂಡರೆ ಅದು ನಿನ್ನೆಯ ಲಿಫ್ಟ್, ಅಷ್ಟೇ. ಗೊರಕೆ ಹೊಡೆಯುತ್ತಾ ನಡುನಡುವೆ ಉಸಿರು ನಿಲ್ಲುವವರಿಗೆ ಗಾಳಿಯಿಲ್ಲದ ಕೋಣೆ ಕಂಡರೆ, ಬದುಕನ್ನು ಜಾಲಾಡುವ ಮೊದಲು ಉಸಿರನ್ನು ಪರೀಕ್ಷಿಸಬೇಕು. ಏದುಸಿರು ಬಿಡುತ್ತಾ ಏಳುವುದು, ಬೆಳಗ್ಗೆ ತಲೆನೋವು, ಹಗಲು ತೂಕಡಿಕೆ ಇದ್ದರೆ ಹೋಗಬೇಕಾದದ್ದು ವೈದ್ಯರ ಬಳಿಗೆ. ಈ ಎರಡನ್ನೂ ಬದಿಗಿಟ್ಟ ಮೇಲೂ ಕನಸು ವಾರಗಟ್ಟಲೆ ಮರಳುತ್ತಿದ್ದರೆ, ಆಗ ಅದು ಓದಲು ತಕ್ಕ ಕನಸು.

ಓದುವುದು ಹೇಗೆ? ಒಂದು ಉದಾಹರಣೆ ಕಟ್ಟಿ ನೋಡೋಣ. ಒಬ್ಬಾಕೆ ಶಾಲೆಯಲ್ಲಿ ಪಾಠ ಹೇಳುತ್ತಾಳೆ, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುತ್ತಾಳೆ. ಆಕೆಗೆ ಬೀಳುವ ಕನಸಿನಲ್ಲಿ ಕೋಣೆಯ ಅಗಳಿ ಒಳಗಡೆಯೇ ಇದೆ, ಕೈಗೆಟುಕುವಷ್ಟು ಹತ್ತಿರ. ಆಕೆ ಕೈ ಚಾಚುತ್ತಾಳೆ, ಆಚೆ ಯಾರೋ ಕೆಮ್ಮಿದ್ದು ಕೇಳುತ್ತದೆ, ಕೈ ಹಿಂದಕ್ಕೆ ಬರುತ್ತದೆ. ಏಳುವಾಗ ಭಯಕ್ಕಿಂತ ಹೆಚ್ಚಾಗಿ ತಪ್ಪು ಮಾಡಿದ ಅಳುಕು. ಈ ಕನಸನ್ನು ಕೇಳಿ, ಗಂಡನ ಮನೆಯವರು ಕೂಡಿಹಾಕಿದ್ದಾರೆ ಎನ್ನುವುದು ಅವಸರದ ಓದು. ಬಾಗಿಲಿಗೆ ಯಾರೂ ಬೀಗ ಹಾಕಿಲ್ಲ. ತಡೆದದ್ದು ಆಕೆಯ ಕರ್ತವ್ಯಪ್ರಜ್ಞೆ. ಆಕೆಗೆ ಬೇಕಿರುವುದು ಮನೆ ಬಿಡುವ ಧೈರ್ಯಕ್ಕಿಂತ ವಾರದಲ್ಲಿ ಎರಡು ದಿನ ಅತ್ತೆಯ ಬಳಿ ಕೂರುವ ಇನ್ನೊಬ್ಬರು ಇರಬಹುದು. ಅದೇ ಆಕೆ ಲಿಫ್ಟಿನ ಕನಸು ಕಂಡಿದ್ದರೆ ನನ್ನ ಪ್ರಶ್ನೆ ಬೇರೆಯಾಗುತ್ತಿತ್ತು. ಲಿಫ್ಟನ್ನು ಯಾರೂ ಬೇಕೆಂದು ನಿಲ್ಲಿಸುವುದಿಲ್ಲ. ಒಳಗಿರುವವರು ಮೇಲೂ ಇಲ್ಲ, ಕೆಳಗೂ ಇಲ್ಲ, ಹೊರಗಿನವರು ಬರುವ ತನಕ ಕಾಯಬೇಕು. ಬಡ್ತಿ, ವರ್ಗಾವಣೆ, ವೀಸಾ, ಕೋರ್ಟಿನ ತೀರ್ಪು ಹೀಗೆ ಇನ್ನೊಬ್ಬರ ಕೈಯಲ್ಲಿರುವ ಯಾವುದಕ್ಕಾದರೂ ಕಾಯುತ್ತಿದ್ದೀಯಾ ಎಂದು ಕೇಳುತ್ತಿದ್ದೆ.

ಇಷ್ಟು ಹೇಳಿದ ಮೇಲೆ ಮೂರನೆಯ ಆಕ್ಷೇಪ ಏಳುತ್ತದೆ: ಹೀಗೆ ಹೊಂದಿಸುತ್ತಾ ಹೋದರೆ ಯಾವ ಕನಸಿಗೆ ಯಾವ ಅರ್ಥ ತಾನೇ ಬರುವುದಿಲ್ಲ? ನ್ಯಾಯವಾದ ಪ್ರಶ್ನೆ. ತಪ್ಪೆಂದು ತೋರಿಸಲಾಗದ ಓದು ಓದೇ ಅಲ್ಲ. ಈ ಓದು ಎಲ್ಲಿ ಬೀಳುತ್ತದೆ ಎಂಬುದನ್ನು ಮೊದಲೇ ಹೇಳಿಬಿಡಬಹುದು. ಬಾಗಿಲು ಮುಚ್ಚಿದೆ, ಆದರೆ ಒಳಗಿರುವವರು ನೆಮ್ಮದಿಯಾಗಿ ಚಾಪೆ ಹಾಸಿ ಮಲಗಿದ್ದಾರೆ ಎಂದರೆ ಅದು ಬಂಧನದ ಕನಸಲ್ಲ. ದಿನವಿಡೀ ಜನರ ನಡುವೆ ಸಾಕಾದವರಿಗೆ ಮುಚ್ಚಿದ ಕೋಣೆ ಆಸರೆಯೂ ಆಗಬಹುದು. ಹಾಗೆಯೇ, ಎಚ್ಚರದ ಬದುಕಿನಲ್ಲಿ ಬಿಟ್ಟುಹೋಗಬೇಕು ಎನಿಸುವ ಒಂದು ಸಂಗತಿಯನ್ನೂ ಕನಸು ಕಂಡವರು ತಾವಾಗಿ ಹೆಸರಿಸಲಾರದೆ ಹೋದರೆ, ನಾವು ಹೆಸರಿಸಿಕೊಡುವುದು ಬೇಡ. ಕೇಳುವವರು ಒದಗಿಸಿದ ಅರ್ಥವನ್ನು ಕನಸು ಕಂಡವರು ಸೌಜನ್ಯಕ್ಕಾಗಿ ಒಪ್ಪಿಕೊಳ್ಳುವುದು ಬಹಳ ಸುಲಭ. ಅದರಿಂದ ಸಂಸಾರಗಳಲ್ಲಿ ಅನ್ಯಾಯದ ಸಂಶಯ ಹುಟ್ಟಬಹುದು.

ಕನಸಿನ ಕಾಟವೇ ಹೆಚ್ಚಾದರೆ, ಹಗಲಿನಲ್ಲಿ ಅದನ್ನು ಬರೆದು, ಕಥೆಯನ್ನು ತನಗೆ ಬೇಕಾದಂತೆ ಬದಲಿಸಿ, ಹೊಸ ರೂಪವನ್ನು ದಿನವೂ ಕೆಲ ನಿಮಿಷ ಮನಸ್ಸಿನಲ್ಲಿ ನಡೆಸಿ ನೋಡುವ ಚಿಕಿತ್ಸೆ ಇದೆ. ಮರಳಿ ಮರಳಿ ಬರುವ ದುಃಸ್ವಪ್ನಗಳಿಗೆ ಅದನ್ನು ವೈದ್ಯರು ಬಳಸುತ್ತಾರೆ. ಕನಸು ಅದರಿಂದ ತಗ್ಗಬಹುದು, ಆದರೆ ಅತ್ತೆಯನ್ನು ನೋಡಿಕೊಳ್ಳಲು ಇನ್ನೊಬ್ಬರು ಅದರಿಂದ ಬರುವುದಿಲ್ಲ. ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು. ಹೊರದಾರಿಯೇ ಇಲ್ಲವೆಂಬ ಭಾವ ಎಚ್ಚರದಲ್ಲೂ ಬಿಡದಿದ್ದರೆ ಅದನ್ನು ಕನಸಿನ ವಿಷಯವೆಂದು ಬಿಡಬೇಡಿ. ಆತ್ಮಹತ್ಯೆಯ ಯೋಚನೆಗೂ ಈ ಭಾವಕ್ಕೂ ಹತ್ತಿರದ ನಂಟಿದೆಯೆಂದು ಸಂಶೋಧನೆಗಳು ಮತ್ತೆ ಮತ್ತೆ ಕಂಡುಕೊಂಡಿವೆ. ಮನೆಯಲ್ಲಿ ಯಾರಾದರೂ ಹಾಗೆಂದರೆ ಕನಸಿನ ಅರ್ಥ ಹೇಳಲು ಹೋಗದೆ, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ, ಪಕ್ಕದಲ್ಲಿ ಕೂತುಕೊಳ್ಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು.